ಚೆನ್ನಯನ ಮೊದಲ ರಿಪೇರಿ

ಮುಂಬಯಿಯ ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಇಪ್ಪತ್ತು ವರ್ಷ ದೋಸೆ ಹೊಯ್ದ ಚೆನ್ನಯ, ಈಚೆಗೆ ಪ್ರತಿ ಸೋಮವಾರದ ರಜೆಯಲ್ಲಿ ಬೊರಿವಲಿಗೆ ಹೋಗುತ್ತಿದ್ದ. ಮಾಲೀಕ ಸೇಸಪ್ಪ ಶೆಟ್ಟರಿಗೆ ಅನುಮಾನ ಬಂತು.

"ಯಾವ ಹೋಟೆಲಿಗೆ ಸೇರಿದ್ದಿ ಮಾರಾಯ?"

"ಹೋಟೆಲಲ್ಲ ಸೇಟ್ರೆ, ಫ್ರಿಜ್ ರಿಪೇರಿ ಕೋರ್ಸು. ಮೂರು ತಿಂಗಳದ್ದು. ಕೈಗೆ ಹತ್ತುತ್ತದಾ ನೋಡ್ತೇನೆ, ಆಮೇಲೆ ಕೆಲಸ ಬಿಡುವ ಮಾತು."

ಶೆಟ್ಟರು ನಂಬಲಿಲ್ಲ. "ಹಾಗಾದ್ರೆ ನಿನ್ನೆಯಿಂದ ತಣ್ಣಗಾಗದ ನಮ್ಮ ಫ್ರಿಜ್ ಸರಿ ಮಾಡು. ಮೆಕ್ಯಾನಿಕ್ಕಿಗೆ ಕೊಡುವಷ್ಟೇ ಕೊಡ್ತೇನೆ."

ಚೆನ್ನಯ ಪ್ಲಗ್ ಕಿತ್ತು, ಫ್ರಿಜ್ಜಿನ ಹಿಂಬದಿಯ ಕಾಯಿಲ್ ಕೊಳವೆಗಳಿಗೆ ಮೆತ್ತಿದ್ದ ಎಣ್ಣೆಜಿಡ್ಡು, ಧೂಳನ್ನು ಬ್ರಶ್ಶಿನಿಂದ ಉಜ್ಜಿ ತೆಗೆದು, ಮತ್ತೆ ಪ್ಲಗ್ ಹಾಕಿದ. ಸಂಜೆಗೆ ಒಳಗಿನ ಹಾಲು ತಣ್ಣಗಾಗಿತ್ತು.

ಶೆಟ್ಟರು ದುಡ್ಡು ಕೊಟ್ಟು, ಅವನನ್ನೇ ದಿಟ್ಟಿಸಿದರು. "ಇಷ್ಟು ಬೇಗ ಹೇಗಾಯ್ತು? ಹಾಳು ಮಾಡಿದ್ದೂ ನೀನೇ ಅಲ್ಲವಾ?"

ದೋಸೆ ಕರಕಲಾದಾಗಲೂ, ಬೇಕೆಂದೇ ಸುಟ್ಟೆಯಾ ಎಂದು ಯಾರೂ ಕೇಳಿರಲಿಲ್ಲ. ಚೆನ್ನಯ ದುಡ್ಡು ಜೇಬಿಗೆ ಹಾಕಿಕೊಂಡು, ಕೆಲಸ ಬಿಡುವ ಮಾತು ನುಂಗಿ, ಕಾವಲಿಯ ಮುಂದೆ ನಿಂತ.