ಇಪ್ಪತ್ತೆರಡು ಸೇರು

ನನ್ನ ಸೋದರಮಾವನಿಗೆ ನರಸೀಪುರದಲ್ಲಿ ಬೆಲ್ಲದ ಮಂಡಿಯಿತ್ತು. ಜಗಲಿಯ ತೊಲೆಗೆ ದೊಡ್ಡ ತಕ್ಕಡಿ ತೂಗುಹಾಕಿದ್ದರು. ಒಂದು ಹಬ್ಬಕ್ಕೆ ಬಂಧುಬಳಗವೆಲ್ಲ ಸೇರಿದ್ದಾಗ, ಊಟವಾಗಿ ಎಲೆ ಅಡಿಕೆ ಹಾಕಿಕೊಂಡು ಕೂತವರಿಗೆ ಬೇರೆ ಕೆಲಸವಿರಲಿಲ್ಲ. ನನ್ನನ್ನು ಎತ್ತಿ ತಕ್ಕಡಿಯ ಒಂದು ತಟ್ಟೆಯಲ್ಲಿ ಕೂರಿಸಿದರು.

“ಅಳಿಯಂದಿರ್ನ ಗಟ್ಟಿಯಾಗಿ ಇಡ್ಕೊಳ್ರಲಾ, ಗಾಳಿ ಬೀಸ್ತಾ ಅದೆ!” ಎಂದ ಮಾವ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಮೂರು ಮಣ ಮೂವತ್ತು ಸೇರು ತೂಗಿದೆ. ಆಗಿನ ನಮ್ಮ ಮಣಕ್ಕೆ ನಲವತ್ತು ಕಚ್ಚಾ ಸೇರು. ಪೌಂಡಿನ ಲೆಕ್ಕದಲ್ಲಿ ತೊಂಬತ್ತರ ಮೇಲೆ ಎರಡೋ ಮೂರೋ. ಇಪ್ಪತ್ತೆರಡು ವಯಸ್ಸಿನ, ಬಾಗಿಲಿಗೆ ತಲೆ ತಾಗುವಷ್ಟು ಉದ್ದದ ಗಂಡಸಿಗೆ ಅದು ತೂಕವೇ ಅಲ್ಲ. ನಾನೂ ಹಲ್ಲು ಕಿರಿದು ಕೂತಿದ್ದೆ. ಆದರೆ ಒಳಗಿನಿಂದ ಅತ್ತೆ ನನ್ನ ಅವ್ವನಿಗೆ ಹೇಳಿದ್ದು ಕಿವಿಗೆ ಬಿತ್ತು.

“ಬೇಜಾರು ಮಾಡ್ಕಾಬ್ಯಾಡ ಕಣವ್ವ. ನಿನ್ ಮಗನ್ನ ನೋಡುದ್ರೆ ಕ್ಷಯದೋರಂಗವ್ನೆ. ನನ್ ಮಗಳ್ನ ಕೊಟ್ಟು ನಾಳೆ ಅವಳು ತಾಳಿ ಕಳ್ಕಂಡ್ರೆ ನಾನೇನ್ ಮಾಡ್ಲಿ?”

ಆ ಹುಡುಗಿ ನನಗೇ ಎಂದು ಚಿಕ್ಕಂದಿನಿಂದ ಮಾತಾಗಿತ್ತು. ನನಗೂ ಅವಳ ಮೇಲೆ ಬಹಳ ಆಸೆ, ಸುಳ್ಳೇಕೆ ಹೇಳಲಿ. ನಗುವವರ ಮೇಲೆ ನನಗೆ ಸಿಟ್ಟು ಬಂದಿತ್ತು. ಅತ್ತೆಯ ಮಾತಿಗೆ ಭಯವಾಯಿತು. ಅವಳು ಹೇಳಿದ್ದು ಅನ್ಯಾಯದ ಮಾತಾಗಿರಲಿಲ್ಲ. ಮುಂದಿನ ಹಬ್ಬದ ಹೊತ್ತಿಗೆ ಮೈ ತುಂಬಿಕೊಂಡು ಇದೇ ತಕ್ಕಡಿ ಹತ್ತುತ್ತೇನೆ ಎಂದು ಅಲ್ಲೇ ಹಟ ತೊಟ್ಟೆ.

ನಾನೂ ಅವ್ವನೂ ಇಬ್ಬರೇ ಇದ್ದ ನಂಜನಗೂಡಿನ ಮನೆಗೆ ಮರಳಿದ ಮೊದಲ ವಾರವೇ ಎಡವಿದೆ. ಬರಿಹೊಟ್ಟೆಗೆ ಬಿಸಿ ತುಪ್ಪ ಕುಡಿದರೆ ಹದಿನೈದು ದಿನದಲ್ಲಿ ಕೆನ್ನೆ ಉಬ್ಬುತ್ತದೆ ಎಂದು ಬಂಧುವೊಬ್ಬರು ಹೇಳಿದ್ದರು. ದೊಡ್ಡ ಲೋಟದ ತುಂಬ ಕುಡಿದೆ. ಮೂರು ದಿನ ಹಿತ್ತಲಿಗೂ ಮನೆಗೂ ಓಡಾಡಿ, ಇದ್ದ ಮಾಂಸವನ್ನೂ ಕಳೆದುಕೊಂಡೆ. ಆಮೇಲೆ ಸರ್ಕಾರಿ ಆಸ್ಪತ್ರೆಗೆ ಹೋದೆ.

ಡಾಕ್ಟರು ವಯಸ್ಸಾದವರು, ಮಾತು ಒರಟು. ಎದೆಗೆ ಕೊಳವೆ ಇಟ್ಟು ಕೇಳಿದರು. ಸಂಜೆ ಜ್ವರ ಬರುತ್ತದೆಯೇ, ಕೆಮ್ಮಿದೆಯೇ, ರಾತ್ರಿ ಬೆವರುತ್ತೀಯಾ ಎಂದು ಒಂದೊಂದೇ ವಿಚಾರಿಸಿದರು.

“ಕ್ಷಯವೂ ಇಲ್ಲ, ಮಣ್ಣೂ ಇಲ್ಲ. ಹೊಟ್ಟೆಯಲ್ಲಿ ಜಂತು ಇದೆ. ಮೊದಲು ಅದು ಹೋಗಲಿ,” ಎಂದು ಮಲಗುವಾಗ ತಿನ್ನಲು ಒಂದು ಪುಡಿ, ಬೆಳಿಗ್ಗೆ ಕುಡಿಯಲು ಹರಳೆಣ್ಣೆ ಕೊಟ್ಟರು. “ಸರಿ, ಏನು ತಿಂತೀಯ ಹೇಳು.”

“ಹೊಟ್ಟೆ ಬಿರಿಯ ತಿಂತೀನಿ ಸ್ವಾಮಿ.”

“ಯಾವಾಗ?”

ಅಲ್ಲಿ ಸಿಕ್ಕಿಬಿದ್ದೆ. ನಮ್ಮ ಮನೆಯಲ್ಲಿ ಲಿಂಗಪೂಜೆಯಾಗದೆ ಬಾಯಿಗೆ ನೀರೂ ಇಲ್ಲ. ನಾನೋ ಸೋಮಾರಿ. ತಡವಾಗಿ ಎದ್ದು, ಸ್ನಾನ ಪೂಜೆ ಮುಗಿಸುವಷ್ಟರಲ್ಲಿ ಹತ್ತೂವರೆ. ಎರಡು ಲೋಟ ಮಜ್ಜಿಗೆ ಕುಡಿದು, ನಾಲ್ಕು ತುತ್ತು ನುಂಗಿ ತಾಲ್ಲೂಕು ಕಚೇರಿಗೆ ಓಡುತ್ತಿದ್ದೆ. ಅಲ್ಲಿ ನಕಲು ಬರೆಯುವ ಗುಮಾಸ್ತೆ ನಾನು. ಮಧ್ಯಾಹ್ನ ಹಸಿವಾದರೆ ಆಗ ಹೊಸದಾಗಿ ಬಂದ ಕಾಫಿಯ ಶೋಕಿ. ಆಮೇಲೆ ರಾತ್ರಿ ಎಂಟಕ್ಕೆ ಊಟ. ಸೋಮವಾರ ಅದೂ ಒಂದೇ ಹೊತ್ತು.

“ಇಪ್ಪತ್ನಾಲ್ಕು ಗಂಟೆಯಲ್ಲಿ ಎರಡು ಸಲ, ಅದರಲ್ಲೂ ಅರ್ಧ ನೀರು,” ಎಂದರು ಡಾಕ್ಟರು. “ನಿನ್ನ ಶಿವನೇನು ಹತ್ತೂವರೆಗೇ ಏಳುತ್ತಾನೇನಯ್ಯ?”

ಮರುದಿನದಿಂದ ಕೋಳಿ ಕೂಗುವಾಗ ಎದ್ದು ಕಪಿಲೆಯಲ್ಲಿ ಮಿಂದೆ. ಸೂರ್ಯ ಮೇಲೆ ಬರುವ ಮೊದಲೇ ಪೂಜೆ ಮುಗಿಯಿತು. ನಿಯಮವೂ ಉಳಿಯಿತು, ದಿನವೂ ಉದ್ದವಾಯಿತು. ಬೆಳಿಗ್ಗೆ ರಾಗಿ ಅಂಬಲಿಗೆ ಹಾಲು ಬೆಲ್ಲ. ಹತ್ತಕ್ಕೆ ಮುದ್ದೆ, ಅವರೆಕಾಳಿನ ಸಾರು, ಮೇಲೊಂದು ಚಮಚ ತುಪ್ಪ, ಚಮಚ ಮಾತ್ರ. ಕಚೇರಿಗೆ ಹುರಿದ ಕಡಲೆಕಾಯಿ, ಬೆಲ್ಲ, ಎರಡು ರಸಬಾಳೆಹಣ್ಣು. ಸಂಜೆ ನೆನೆಸಿದ ಹೆಸರುಕಾಳು. ರಾತ್ರಿ ಅನ್ನ, ತೊವ್ವೆ, ಗಟ್ಟಿ ಮೊಸರು, ಮಲಗುವ ಮುಂಚೆ ಹಾಲು. ಮಜ್ಜಿಗೆ ಊಟದ ಕೊನೆಗೆ ಹೋಯಿತು, ಕಾಫಿ ಬಿಟ್ಟೆ. ಮೊದಮೊದಲು ಹೊಟ್ಟೆ ಬೇಡವೆನ್ನುತ್ತಿತ್ತು. ಒಂದೇ ಸಲ ತುರುಕದೆ ವಾರಕ್ಕೆ ಒಂದೊಂದು ಹಿಡಿಯಂತೆ ಹೆಚ್ಚಿಸಿದೆ. ಸೋಮವಾರದ ಉಪವಾಸಕ್ಕೆ ಹಾಲು ಹಣ್ಣು ಸೇರಿಸಿಕೊಂಡೆ.

ಬರೀ ತಿಂದರೆ ಹೊಟ್ಟೆಯೊಂದೇ ಮುಂದೆ ಬರುತ್ತದೆ ಎಂದು ಡಾಕ್ಟರೇ ಗರಡಿಗೆ ಕಳಿಸಿದರು. ಮೊದಲ ದಿನ ಹತ್ತು ಬಸ್ಕಿಗೆ ಕಾಲು ನಡುಗಿ ಕೆಮ್ಮಣ್ಣಿನ ಮೇಲೆ ಕುಸಿದೆ. ಗರಡಿಯ ಉಸ್ತಾದರು ನಗಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ಇವತ್ತಿಗೂ ಗೌರವ.

“ಆತ್ರ ಬ್ಯಾಡ. ಒಂದಿನ ಸಾಮು, ಒಂದಿನ ಬಿಡುವು. ಮೈ ತುಂಬೋದು ದಂಡ ಹೊಡೆಯೋವಾಗಲ್ಲ, ಉಂಡು ಮಲಗಿದಾಗ ಕಣಪ್ಪ,” ಎಂದರು.

ಹತ್ತು ಬಸ್ಕಿ ಹದಿನೈದಾಯಿತು, ದಂಡ ಐದರಿಂದ ಇಪ್ಪತ್ತಕ್ಕೆ ಬಂತು. ಕೊನೆಗೆ ಗದೆಯಂಥ ಮರದ ಲೋಡನ್ನೂ ಹೆಗಲ ಸುತ್ತ ತಿರುಗಿಸಿದೆ. ಎರಡು ತಿಂಗಳು ಕಣ್ಣಿಗೆ ಏನೂ ಕಾಣಲಿಲ್ಲ. ಬಿಟ್ಟುಬಿಡೋಣ ಅನ್ನಿಸಿದಾಗಲೆಲ್ಲ ಅತ್ತೆಯ ಮಾತು ನೆನಪಾಗಿ ಹಲ್ಲು ಕಚ್ಚಿ ಎದ್ದೆ. ಮೂರನೆಯ ತಿಂಗಳು ಅಂಗಿಯ ಹೆಗಲು ಬಿಗಿಯಿತು.

ಎಂಟು ತಿಂಗಳ ಮೇಲೆ ಅವ್ವನೊಡನೆ ಗಾಡಿ ಕಟ್ಟಿಸಿಕೊಂಡು ನರಸೀಪುರಕ್ಕೆ ಹೋದೆ. ಯಾರೂ ಕೇಳುವ ಮೊದಲೇ ತಕ್ಕಡಿ ಹತ್ತಿ ಕೂತೆ. ಮಾವನೇ ಕಲ್ಲು ಇಟ್ಟ. ನಾಲ್ಕು ಮಣ ಹನ್ನೆರಡು ಸೇರು! ಇಪ್ಪತ್ತೆರಡು ಸೇರು ಹೆಚ್ಚಿದ್ದೆ. ಮಾವ ನನ್ನ ತೋಳು ಹಿಸುಕಿ ನೋಡಿ, ಅತ್ತೆಯ ಕಡೆ ತಿರುಗಿ, “ಇನ್ನೇನಮ್ಮಿ ನಿಂದು?” ಎಂದ. ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು, “ಲಗ್ನ ನೋಡ್ಸಿ,” ಎಂದಳು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಆ ಉತ್ಸಾಹದಲ್ಲಿ ಮಾವ ತನ್ನ ತಂಗಿಯನ್ನೂ ತಮಾಷೆಗೆ ಎಳೆದು ಕೂರಿಸಿದ. ಅವ್ವ ನಾಚಿಕೊಂಡು ಬೇಡ ಬೇಡವೆಂದಳು. ಮಾವ ನನ್ನ ಕಲ್ಲುಗಳಲ್ಲಿ ಒಂದನ್ನು ತೆಗೆದ, ಇನ್ನೊಂದನ್ನು ತೆಗೆದ. ಅವ್ವನ ತಟ್ಟೆ ನೆಲ ಬಿಟ್ಟು ಮೇಲೆಯೇ ಇತ್ತು. ಮೂರು ಮಣ ಹತ್ತು ಸೇರಿಗೆ ನಿಂತಿತು. ನಗುತ್ತಿದ್ದವನ ಕೈ ಹಾಗೇ ನಿಂತುಹೋಯಿತು.

“ಏನವ್ವ ಇದು? ನೀನೇನ್ ಉಣ್ತೀಯ?” ಎಂದ.

“ಮಗ ಉಂಡು ಮಿಕ್ಕಿದ್ದು ಕಣಣ್ಣ. ನಂಗೆಷ್ಟು ಬೇಕು?” ಎಂದಳು ಅವ್ವ.

ನಮ್ಮ ಮನೆಯಲ್ಲಿ ಹೆಂಗಸರದು ಕೊನೆಯ ಊಟ. ಅವ್ವ ಉಣ್ಣುವುದನ್ನು ನಾನು ನೋಡಿಯೇ ಇರಲಿಲ್ಲ. ಕರೆಯುವುದು ಒಂದೇ ಹಸು, ಕಾಳು ತೆಗೆಯುವುದು ಅದೇ ಒಂದು ಮಡಕೆಯಿಂದ. ಎಂಟು ತಿಂಗಳು ನನ್ನ ತಟ್ಟೆಗೆ ಹೆಚ್ಚಾಗಿ ಬಂದದ್ದು ಎಲ್ಲಿಂದ ಬಂತು ಎಂದು ಒಂದು ದಿನವೂ ಕೇಳಲಿಲ್ಲ. ಅಷ್ಟು ನಾಚಿಕೆ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಲಗ್ನ ಇನ್ನೊಂದು ವರ್ಷ ತಡೆಯಲಿ, ಮೊದಲು ಅವ್ವ ಎಂದೆ. “ಹಂಗೇ ಆಗ್ಲಿ,” ಎಂದ ಮಾವ.

ನಂಜನಗೂಡಿಗೆ ಬಂದ ಬೆಳಿಗ್ಗೆ ಎರಡು ತಟ್ಟೆ ಹಾಕಿದೆ.

“ಗಂಡಸ್ರ ಜೊತೆ ಕೂತು ಉಣ್ಣೋದುಂಟೇನ್ಲಾ?” ಎಂದು ಅವ್ವ ಗದರಿದಳು.

“ನೀನು ಉಣ್ಣೋಗಂಟ ನಾನು ಮುಟ್ಟಲ್ಲ ಕಣವ್ವ,” ಎಂದು ಕೈಕಟ್ಟಿ ಕೂತೆ. ಅಂಬಲಿ ಆರಿತು. ಬೈದಳು, ಬೇಡಿಕೊಂಡಳು, ನಾನು ಅಲ್ಲಾಡಲಿಲ್ಲ. ನಾನು ಮತ್ತೆ ಸೊರಗುತ್ತೇನೆಂಬ ಭಯ ಅವಳಿಗೆ ಮಡಿಗಿಂತ ದೊಡ್ಡದು ಎಂದು ನನಗೆ ಗೊತ್ತಿತ್ತು. ಕೊನೆಗೆ ಕೂತಳು. ಮೊದಲ ತುತ್ತು ಬಾಯಿಗಿಟ್ಟು, “ನಾನೂ ತಿಂದ್ರೆ ನಿಂಗೆ ಸಾಕಾಯ್ತದಾ?” ಎಂದಳು.

ಸಾಕಾಗಲಿಲ್ಲ. ಆ ವರ್ಷ ನನ್ನ ತೂಕ ಇದ್ದಲ್ಲೇ ನಿಂತಿತು, ಅವ್ವನ ಬಳೆಗಳು ಕೈಗೆ ಬಿಗಿಯಾದವು.