ಪಹಣಿಯಲ್ಲಿ ಬೆಳೆದ ಜೋಳ

ದೇಶನೂರಿನಲ್ಲಿ ಮಳೆಗೆ ನಮ್ಮ ಭತ್ತ ಮಲಗಿ, ತೆನೆಯಲ್ಲೇ ಮೊಳಕೆ ಬಂದಿತ್ತು. ವಿಮೆ ಹಣ ಹಳೆ ಸಾಲಕ್ಕೆ ಜಮೆಯಾಗದೆ ಹೊಸ ಬೆಳೆಗೆ ಸಾಲ ಸಿಗುವಂತಿರಲಿಲ್ಲ. ಸಾಲ ಕೊಡುವಾಗಲೇ ವಿಮೆ ಹಿಡಿದಿದ್ದ ಸಿರುಗುಪ್ಪದ ಸೊಸೈಟಿಗೆ ಆ ತೆನೆಗಳನ್ನೇ ಹೊತ್ತು ಹೋಗಿ, ನಮ್ಮ ವಿಮೆ ಅರ್ಜಿ ಎಲ್ಲಿಗೆ ಬಂತೆಂದು ಮೂರನೇ ಸಲ ಕೇಳಿದೆ.

“ಉಳಿದ ಭತ್ತದವರದು ಬಳ್ಳಾರಿಗೆ ಹೋಗೈತಿ, ಅವ್ವಾರ. ನಿಮ್ಮ ಪಹಣ್ಯಾಗ ಜೋಳ ಐತಿ,” ಎಂದ ಗುಮಾಸ್ತ.

“ಹಂಗಾರ ಇದೇನು, ನಿಮ್ಮಪ್ಪನ ಗಡ್ಡನಾ?”

“ತೆನಿಗೆ ಸೀಲ್ ಇಲ್ಲಲ್ರಿ. ಬೆಳಿ ತಿದ್ದಿಸಿದ ಪಹಣಿ, ಸಾಲದ ಪಾಸ್‌ಬುಕ್ ತರ್ರಿ. ಅವತ್ತೇ ಕಳಿಸ್ತೀನಿ.”

ಹೊಲ ನೋಡದೆ, ಹೋದ ವರ್ಷದ ಬೆಳೆಯನ್ನೇ ನಕಲು ಮಾಡಿದ್ದ ಗ್ರಾಮಲೆಕ್ಕಿಗನನ್ನು ಎಳೆದೊಯ್ದು, ಕೆಸರಿನಲ್ಲಿ ಭತ್ತದ ಕೂಳೆ ತುಳಿಸಿದೆ. ಅವನ ಚಪ್ಪಲಿ ಅಲ್ಲೇ ಉಳಿಯಿತು. ತಾಲೂಕು ಕಚೇರಿಯ ಸೀಲ್ ಬಿದ್ದು ಪಹಣಿಯಲ್ಲೂ ಭತ್ತ ಬೆಳೆಯಿತು. ಮುಂಗಾರಿಗೆ ಹಣ ಸಾಲಕ್ಕೆ ಜಮೆಯಾಗಿ, ಹೊಸ ಸಾಲವೂ ಸಿಕ್ಕಿತು.

ನಾನು ಹೊತ್ತು ಹೋಗಿದ್ದ ತೆನೆಗಳನ್ನು ಅವತ್ತೇ ಸೊಸೈಟಿಯ ಮುಂದಿದ್ದ ಎಮ್ಮೆ ತಿಂದಿತ್ತು. ಅದು ಪಹಣಿ ಕೇಳಲಿಲ್ಲ.