ಊದಿನಕಡ್ಡಿ ಹಿಡಿದ ಬಿರುಕು

ಜಮಖಂಡಿಯ ನಮ್ಮ ಮನೆ ಎರೆಮಣ್ಣಿನ ನೆಲದ ಮೇಲಿತ್ತು. ಪಡಸಾಲೆಯ ಗಿಲಾವಿನ ಮೇಲೆ ಜೇಡರ ಬಲೆಯಂಥ ಕೂದಲೆಳೆ ಬಿರುಕುಗಳು ಕಂಡಾಗಿನಿಂದ ಅವ್ವನಿಗೆ ನಿದ್ದೆಯಿಲ್ಲ. ಬೀಗರು ಬರುವವರಿದ್ದರು. ಕಟ್ಟಡದ ಕೆಲಸ ಮಾಡಿಸುವ ನಾನು ಗೋಡೆಯ ಮೇಲೆ ಉಗುರಾಡಿಸಿದೆ. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

“ಗಿಲಾವು ಒಣಗುವಾಗ ಬಿಟ್ಟದ್ದಿದು. ಪುಟ್ಟಿ ಹಚ್ಚಿದ್ರ ಆತು,” ಎಂದೆ.

ಪುಟ್ಟಿ ಕಲಸುತ್ತಿದ್ದಾಗ ದೇವರ ಕೋಣೆಯಿಂದ ಊದಿನಕಡ್ಡಿಯ ಹೊಗೆ ಬಂತು. ಹೋಗಿ ನೋಡಿದರೆ, ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದ ಬಿರುಕಿನಲ್ಲಿ ಅವ್ವ ಕಡ್ಡಿ ಸಿಗಿಸಿದ್ದಳು. ಹೊರಗೆ ಓಡಿದೆ. ಬಿರುಕು ಗೋಡೆಯ ಆಚೆಗೂ ಇತ್ತು.

“ಇದನ್ಯಾಕ ಹೇಳಲಿಲ್ಲಬೇ ಯವ್ವಾ?”

“ಅದರದೇನು ತ್ರಾಸಿಲ್ಲಪಾ. ಬ್ಯಾಸಗ್ಯಾಗ ಎರಡು ಕಡ್ಡಿ ಹಿಡಿತಾವ, ಮಳಿಗಾಲದಾಗ ಒಂದ.”

ಮಳೆಗೆ, ಬಿಸಿಲಿಗೆ ಕೆಳಗಿನ ಎರೆಮಣ್ಣು ಹಿಗ್ಗಿ ಕುಗ್ಗಿದಂತೆಲ್ಲ ಗೋಡೆಯೂ ಆಡುತ್ತಿತ್ತು. ಇಲ್ಲಿ ಪುಟ್ಟಿ ತುಂಬಿದರೆ ಮತ್ತೆ ಬಿರಿಯುತ್ತದೆ, ಮೊದಲು ಎಂಜಿನಿಯರರಿಗೆ ಪಾಯ ತೋರಿಸಿ ಸರಿಪಡಿಸಬೇಕು, ಆಮೇಲೆ ರಬ್ಬರಿನಂತೆ ಹಿಗ್ಗುವ ಸೀಲಂಟ್ ತುಂಬಬೇಕು ಎಂದು ಸಿಟ್ಟಿನಿಂದಲೇ ವಿವರಿಸಿದೆ.

ಅವ್ವ ಪೂರ್ತಿ ಕೇಳಿಸಿಕೊಂಡಳು.

“ಎಲ್ಲಾ ಖರೆ. ಅಲ್ಲೀತನ ಊದಿನಕಡ್ಡಿ ಇಲ್ಲೇ ಸಿಗಸ್ಲೇನು?”